ಫ್ಲೋರೆಸೆನ್ಸ್ ಇರುವ ವಜ್ರವೋ, ಇಲ್ಲದ್ದೋ: ಸರ್ಟಿಫಿಕೇಟಿನ ಒಂದು ಸಾಲನ್ನು ಓದಿ ಆಯ್ಕೆ ಮಾಡುವ ಬಗೆ

ಬೆಳಗಾವಿಯ ಖಡೇಬಜಾರಿನಲ್ಲಾಗಲಿ, ಶಹಾಪುರದ ಸರಾಫರ ಅಂಗಡಿಗಳಲ್ಲಾಗಲಿ ಒಂಟಿ ಹರಳಿನ ಉಂಗುರ ತೋರಿಸಿರೆಂದು ಕೇಳಿದಾಗ, ತೂಕ, ಬಣ್ಣ, ಕ್ಲ್ಯಾರಿಟಿ, ಕಟ್ ಎಲ್ಲವೂ ಒಂದೇ ಆಗಿರುವ ಎರಡು ವಜ್ರಗಳ ಬೆಲೆಯಲ್ಲಿ ಸಾವಿರಾರು ರೂಪಾಯಿಗಳ ಅಂತರ ಕಾಣುವುದುಂಟು. ಆ ಅಂತರಕ್ಕೆ ಕಾರಣವೇನೆಂದು ವಿಚಾರಿಸಿದರೆ, ಅಂಗಡಿಯವರು ಸರ್ಟಿಫಿಕೇಟಿನ ಕೆಳಭಾಗದಲ್ಲಿರುವ ಒಂದು ಸಣ್ಣ ಸಾಲಿನ ಮೇಲೆ ಬೆರಳಿಡುತ್ತಾರೆ. ಅದು ಫ್ಲೋರೆಸೆನ್ಸಿನ, ಅಂದರೆ ಅತಿನೇರಳೆ ಬೆಳಕಿನಲ್ಲಿ ಹರಳು ತಾನಾಗಿ ಬೆಳಗುವ ಗುಣದ ಸಾಲು. ವ್ಯಾಪಾರದ ಮಾತಿನಲ್ಲಿ ಅದನ್ನು ಬರೀ 'ಫ್ಲೋ' ಎನ್ನುತ್ತಾರೆ. ಅಗ್ಗದ ಹರಳಿನಲ್ಲಿ ದೋಷವಿದೆ ಎಂದು ಕೆಲವರು ಅದನ್ನು ಅಲ್ಲೇ ಬಿಟ್ಟು ಬರುತ್ತಾರೆ. ಅದರಿಂದ ಏನೂ ಆಗುವುದಿಲ್ಲ ಎಂಬ ಮಾತನ್ನು ನಂಬಿ ಕೆಲವರು ತಕ್ಷಣ ಕೊಳ್ಳುತ್ತಾರೆ. ಈ ಎರಡು ನಿರ್ಧಾರಗಳೂ ಹರಳನ್ನು ನೋಡದೆ ಕಾಗದವನ್ನಷ್ಟೇ ನೋಡಿ ಮಾಡಿದವು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಅರ್ಧ ಕ್ಯಾರೆಟಿನ ಮೂರು ಹರಳುಗಳನ್ನು ಮುಂದಿಟ್ಟುಕೊಂಡು, ಯಾವುದನ್ನು ಯಾವಾಗ ಆರಿಸಬೇಕೆಂಬುದನ್ನು ಇಲ್ಲಿ ವಿವರಿಸುತ್ತೇನೆ.

ಸರ್ಟಿಫಿಕೇಟಿನಲ್ಲಿ ಆ ಸಾಲು ಎಲ್ಲಿದೆ, ಏನು ಹೇಳುತ್ತದೆ

ವಜ್ರಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಜಿಐಎ ಸಂಸ್ಥೆಯ ವರದಿಯಲ್ಲಿ ಕ್ಯಾರೆಟ್ ತೂಕ, ಬಣ್ಣ, ಕ್ಲ್ಯಾರಿಟಿ ಮತ್ತು ಕಟ್ ಮೇಲ್ಭಾಗದಲ್ಲಿರುತ್ತವೆ. ಅವುಗಳ ಕೆಳಗೆ ಹೆಚ್ಚುವರಿ ಮಾಹಿತಿ ಎಂಬ ಭಾಗದಲ್ಲಿ ಪಾಲಿಶ್ ಮತ್ತು ಸಿಮೆಟ್ರಿಯ ಜೊತೆಗೆ ಫ್ಲೋರೆಸೆನ್ಸ್ ಬರುತ್ತದೆ. ಈ ಜಾಗಕ್ಕೇ ಒಂದು ಅರ್ಥವಿದೆ. ಜಿಐಎ ಇದನ್ನು ವಜ್ರದ ಗುಣಮಟ್ಟದ ದರ್ಜೆಯೆಂದು ಪರಿಗಣಿಸದೆ, ಆ ಹರಳನ್ನು ಗುರುತಿಸಲು ನೆರವಾಗುವ ಒಂದು ಲಕ್ಷಣವೆಂದು ದಾಖಲಿಸುತ್ತದೆ.

ದೀರ್ಘ ತರಂಗದ ಅತಿನೇರಳೆ ಬೆಳಕಿನಲ್ಲಿ ಹರಳನ್ನಿಟ್ಟು, ಅದು ತಾನಾಗಿ ಎಷ್ಟು ಬೆಳಗುತ್ತದೆ ಎಂಬುದನ್ನು ಮಾದರಿ ಹರಳುಗಳೊಂದಿಗೆ ಹೋಲಿಸಿ ಐದು ಹಂತಗಳಲ್ಲಿ ಒಂದನ್ನು ಬರೆಯುತ್ತಾರೆ: ನನ್, ಫೇಂಟ್, ಮೀಡಿಯಂ, ಸ್ಟ್ರಾಂಗ್, ವೆರಿ ಸ್ಟ್ರಾಂಗ್. ಮೀಡಿಯಂ ಮತ್ತು ಅದಕ್ಕೂ ಮೇಲಿನ ಹಂತಗಳಲ್ಲಿ ಬೆಳಗುವ ಬಣ್ಣವನ್ನೂ ಸೇರಿಸುತ್ತಾರೆ; 'ಮೀಡಿಯಂ ಬ್ಲೂ', 'ಸ್ಟ್ರಾಂಗ್ ಬ್ಲೂ' ಎಂದು ಕಾಣುವುದು ಹೀಗೆ. ಬೇರೆ ಲ್ಯಾಬುಗಳ ಹಂತಗಳ ಹೆಸರು ಸ್ವಲ್ಪ ಬೇರೆಯಾಗಿರುವುದರಿಂದ, ಒಂದು ಲ್ಯಾಬಿನ ಸರ್ಟಿಫಿಕೇಟಿನ ಪದವನ್ನು ಇನ್ನೊಂದರ ಪದಕ್ಕೆ ನೇರವಾಗಿ ಸಮವೆಂದು ಹಿಡಿಯಬಾರದು. ಹೋಲಿಸುವ ಹರಳುಗಳೆಲ್ಲವೂ ಒಂದೇ ಲ್ಯಾಬಿನವಾಗಿದ್ದರೆ ಒಳಿತು.

ಜಿಐಎ ಪ್ರಕಾರ ಅದರ ಬಳಿಗೆ ಬರುವ ವಜ್ರಗಳಲ್ಲಿ ಶೇಕಡಾ 25ರಿಂದ 35ರಷ್ಟು ಒಂದಿಷ್ಟಾದರೂ ಫ್ಲೋರೆಸೆನ್ಸ್ ತೋರಿಸುತ್ತವೆ, ಮತ್ತು ಅವುಗಳಲ್ಲಿ ಬಹುಪಾಲು ನೀಲಿಯಾಗಿ ಬೆಳಗುತ್ತವೆ. ಆ ನೀಲಿಗೆ ಕಾರಣ ವಜ್ರದೊಳಗಿನ ಸಾರಜನಕ. ಇಂಗಾಲದ ಜಾಲರಿಯಲ್ಲಿ ಒಂದು ಜಾಗ ಖಾಲಿ ಉಳಿದು, ಅದರ ಸುತ್ತ ಮೂರು ಸಾರಜನಕದ ಪರಮಾಣುಗಳು ಕುಳಿತಾಗ ಉಂಟಾಗುವ ರಚನೆ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕನ್ನು ಹೊರಬಿಡುತ್ತದೆ. ಸಾಮಾನ್ಯ ವಜ್ರಗಳಲ್ಲಿ ಕಾಣುವ ಹಳದಿ ಛಾಯೆಗೂ ಸಾರಜನಕವೇ ಮೂಲ. ನೀಲಿಯು ಹಳದಿಗೆ ಎದುರಾದ ಬಣ್ಣವಾದ್ದರಿಂದ, ಅತಿನೇರಳೆ ಸಾಕಷ್ಟಿರುವ ಬೆಳಕಿನಲ್ಲಿ ಇಂತಹ ಹರಳು ತನ್ನ ಹಳದಿಯನ್ನು ತಾನೇ ಒಂದಿಷ್ಟು ಮರೆಸಿಕೊಳ್ಳುತ್ತದೆ. ಬೆಲೆಯ ವಿಷಯದಲ್ಲಿ ನಡೆಯುವ ವಾದಗಳೆಲ್ಲ ಈ ಒಂದು ಸಂಗತಿಯ ಸುತ್ತಲೇ ತಿರುಗುತ್ತವೆ.

ಕಣ್ಣಿಗೆ ವ್ಯತ್ಯಾಸ ಕಾಣುತ್ತದೆಯೇ

ವಜ್ರದ ಬಣ್ಣದ ದರ್ಜೆಯನ್ನು ಡಿಯಿಂದ ಝಡ್‌ವರೆಗಿನ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ; ಡಿ ಎಂದರೆ ಬಣ್ಣವೇ ಇಲ್ಲದ್ದು, ಮುಂದಿನ ಅಕ್ಷರಗಳಿಗೆ ಹೋದಂತೆ ಹಳದಿ ಹೆಚ್ಚು. ಜಿಐಎ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇ, ಜಿ, ಐ ಮತ್ತು ಕೆ ಬಣ್ಣಗಳ ನಾಲ್ಕು ಗುಂಪು ವಜ್ರಗಳನ್ನು ಬಳಸಲಾಗಿತ್ತು. ಪ್ರತಿ ಗುಂಪಿನ ಹರಳುಗಳು ಇತರ ಗುಣಗಳಲ್ಲಿ ಆದಷ್ಟು ಸಮಾನವಾಗಿದ್ದು, ನೀಲಿ ಫ್ಲೋರೆಸೆನ್ಸಿನ ಪ್ರಮಾಣದಲ್ಲಿ ಮಾತ್ರ ಬೇರೆಯಾಗಿದ್ದವು. ಸಾಮಾನ್ಯ ಗ್ರಾಹಕರನ್ನು ಪ್ರತಿನಿಧಿಸುವ ವೀಕ್ಷಕರಿಗೆ ಅವುಗಳಲ್ಲಿ ನಿಯಮಿತವಾದ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅನುಭವಿಗಳಲ್ಲೂ ಒಮ್ಮತವಿರಲಿಲ್ಲ. ಒಟ್ಟಾರೆಯಾಗಿ, ಹರಳನ್ನು ಮೇಲಿನಿಂದ, ಅಂದರೆ ಉಂಗುರದಲ್ಲಿ ನೋಡುವ ರೀತಿಯಲ್ಲಿ ನೋಡಿದಾಗ ಹೆಚ್ಚು ನೀಲಿ ಬೆಳಗುವವುಗಳ ಬಣ್ಣ ಸ್ವಲ್ಪ ಉತ್ತಮವಾಗಿ ತೋರಿತು. ಪಾರದರ್ಶಕತೆಗೂ ಫ್ಲೋರೆಸೆನ್ಸಿಗೂ ಸಂಬಂಧವಿದೆ ಎಂದು ಹೆಚ್ಚಿನ ವೀಕ್ಷಕರಿಗೆ ಅನ್ನಿಸಲಿಲ್ಲ.

ಹಾಗಾದರೆ ವ್ಯಾಪಾರಿಗಳಿಗೆ ಭಯವೇಕೆ? ಕೆಲವೇ ಕೆಲವು ಹರಳುಗಳಲ್ಲಿ ಒಂದು ಬಗೆಯ ಮಬ್ಬು ಕಾಣುತ್ತದೆ. ಅದನ್ನು ಹಾಲಿನಂತಿದೆ, ಎಣ್ಣೆ ಸವರಿದಂತಿದೆ ಎನ್ನುತ್ತಾರೆ. ಮುಂಬಯಿ ಮತ್ತು ಸೂರತ್ತಿನ ವ್ಯಾಪಾರಿಗಳು 'ಮಿಲ್ಕಿ' ಎಂದೇ ಕರೆಯುತ್ತಾರೆ. ಅವರ ಪಟ್ಟಿಗಳಲ್ಲಿ 'ನೋ ಬಿಜಿಎಂ' ಎಂಬ ಒಕ್ಕಣೆ ಕಂಡರೆ, ಹರಳಿಗೆ ಕಂದು, ಹಸಿರು ಛಾಯೆಯಾಗಲಿ ಹಾಲಿನ ಮಬ್ಬಾಗಲಿ ಇಲ್ಲವೆಂದು ಅರ್ಥ. ತನ್ನಲ್ಲಿಗೆ ಬಂದ ಫ್ಲೋರೆಸೆಂಟ್ ವಜ್ರಗಳಲ್ಲಿ ಇಂತಹ ಮಬ್ಬು ಕಂಡದ್ದು ಶೇಕಡಾ 0.2ಕ್ಕಿಂತ ಕಡಿಮೆ ಎಂದು ಜಿಐಎ ಹೇಳಿದೆ. ಅಂದರೆ ಸಾವಿರಕ್ಕೆ ಎರಡು ಹರಳೂ ಇಲ್ಲ.

ಆ ಮಬ್ಬಿನ ಬಗ್ಗೆ ಒಂದು ಅಂಶ ಅಂಗಡಿಗಳಲ್ಲಿ ಬಹುಮಟ್ಟಿಗೆ ಚರ್ಚೆಗೆ ಬರುವುದಿಲ್ಲ. ಬರೀ ಫ್ಲೋರೆಸೆನ್ಸಿನಿಂದ ಹರಳು ಮಬ್ಬಾಗುವುದಿಲ್ಲ ಎಂಬುದು ಜಿಐಎ ನಂತರ ನಡೆಸಿದ ಅಧ್ಯಯನದ ನಿಲುವು. ಹರಳಿನೊಳಗೆ ಬೆಳಕನ್ನು ಚದುರಿಸುವ ಅತಿ ಸಣ್ಣ ದೋಷಗಳು ಮೊದಲೇ ಇದ್ದಾಗ, ಬಲವಾದ ನೀಲಿ ಬೆಳಗು ಕಪ್ಪು-ಬಿಳುಪುಗಳ ನಡುವಿನ ಅಂತರವನ್ನು ತಗ್ಗಿಸಿ ಆ ಮಬ್ಬನ್ನು ಹೆಚ್ಚಿಸುತ್ತದೆ. ಆದ್ದರಿಂದ ಫ್ಲೋರೆಸೆನ್ಸಿನ ಸಾಲನ್ನು ಒಂಟಿಯಾಗಿ ಓದದೆ, ಸರ್ಟಿಫಿಕೇಟಿನ ಕೊನೆಯಲ್ಲಿರುವ ಕಾಮೆಂಟ್ಸ್ ಭಾಗವನ್ನೂ ಜೊತೆಗೆ ಓದಬೇಕು. ಅಲ್ಲಿ, ಕ್ಲ್ಯಾರಿಟಿ ದರ್ಜೆಯನ್ನು ನಕ್ಷೆಯಲ್ಲಿ ತೋರಿಸದ ಕ್ಲೌಡುಗಳ ಆಧಾರದ ಮೇಲೆ ಕೊಡಲಾಗಿದೆ ಎಂಬ ಅರ್ಥದ ಮಾತಿದ್ದು, ಮೇಲೆ ಸ್ಟ್ರಾಂಗ್ ಬ್ಲೂ ಎಂದಿದ್ದರೆ, ಆ ಹರಳನ್ನು ಕಣ್ಣಾರೆ ನೋಡದೆ ಆನ್‌ಲೈನಿನಲ್ಲಿ ತರಿಸುವುದು ಬೇಡ. ಕ್ಲೌಡ್ ಎಂದರೆ ಸೂಜಿಮೊನೆಯಂತಹ ಬಿಂದುಗಳ ಗುಂಪು. ಅದು ಚಿಕ್ಕದಾಗಿ ಒಂದು ಮೂಲೆಯಲ್ಲಿದ್ದರೆ ತೊಂದರೆಯಿಲ್ಲ, ಹರಳಿನ ತುಂಬ ಹರಡಿದ್ದರೆ ತೊಂದರೆ.

ಮೂರು ಹರಳುಗಳ ಲೆಕ್ಕ

ಬೈಲಹೊಂಗಲದ ಒಂದು ಕುಟುಂಬ ಮಗಳ ನಿಶ್ಚಯಕ್ಕೆ ಉಂಗುರ ಕೊಳ್ಳಲು ಬೆಳಗಾವಿಗೆ ಬಂದಿದೆ ಎಂದಿಟ್ಟುಕೊಳ್ಳೋಣ. ಅಂಗಡಿಯವರು ಜಿಐಎ ವರದಿಯುಳ್ಳ, ಅರ್ಧ ಕ್ಯಾರೆಟಿನ, ಕಟ್ ಎಕ್ಸಲೆಂಟ್ ಎಂದಿರುವ, ವಿಎಸ್1 ಕ್ಲ್ಯಾರಿಟಿಯ ಮೂರು ದುಂಡು ಹರಳುಗಳನ್ನು ಬಿಳಿ ಕಾಗದದ ಮೇಲೆ ಇಡುತ್ತಾರೆ. ಮೊದಲನೆಯದು ಜಿ ಬಣ್ಣ, ಫ್ಲೋರೆಸೆನ್ಸ್ ನನ್, ಬೆಲೆ 1,20,000 ರೂಪಾಯಿ. ಎರಡನೆಯದೂ ಜಿ ಬಣ್ಣವೇ, ಆದರೆ ಸ್ಟ್ರಾಂಗ್ ಬ್ಲೂ, ಬೆಲೆ 1,04,000. ಮೂರನೆಯದು ಐ ಬಣ್ಣ, ಮೀಡಿಯಂ ಬ್ಲೂ, ಬೆಲೆ 92,000. ಈ ಅಂಕಿಗಳು ಲೆಕ್ಕಕ್ಕಾಗಿ ತೆಗೆದುಕೊಂಡವು. ಪೇಟೆಯ ದರ ದಿನದಿನಕ್ಕೆ ಬದಲಾಗುತ್ತದೆ, ಆದರೆ ಅವುಗಳ ನಡುವಿನ ಸಂಬಂಧ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ.

"ಅಕ್ಕಾರ, ಈ ನಡುವಿಂದರಾಗ ಫ್ಲೋ ಐತಿ, ಅದಕ್ಕ ರೇಟ್ ಕಡಿಮಿ. ಕಣ್ಣಿಗೆ ಏನೂ ಫರಕ ಕಾಣೂದಿಲ್ಲ ನೋಡ್ರಿ," ಎಂದು ಅಂಗಡಿಯವರು ಹೇಳುತ್ತಾರೆ. ಆ ಮಾತು ಬಹುಪಾಲು ನಿಜ. ಆದರೆ ಅವರು ಅದನ್ನು ಹೇಳುತ್ತಿರುವುದು ಎಲ್‌ಇಡಿ ದೀಪಗಳ ಕೆಳಗೆ. ಅಂಗಡಿಯ ಎಲ್‌ಇಡಿ ಬೆಳಕಿನಲ್ಲಿ ಅತಿನೇರಳೆಯ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಅಲ್ಲಿ ಸ್ಟ್ರಾಂಗ್ ಬ್ಲೂ ಹರಳೂ ಬೆಳಗುವುದಿಲ್ಲ. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಫ್ಲೋರೆಸೆನ್ಸಿನ ಯಾವ ಪರಿಣಾಮವೂ ಅಲ್ಲಿ ಕಾಣಲಾರದು. ಅದಕ್ಕಾಗಿ ಹರಳನ್ನು ಬಾಗಿಲ ಬಳಿಗೆ ತರಿಸಬೇಕು. ನೇರ ಬಿಸಿಲು ಬೇಡ, ಏಕೆಂದರೆ ಬಿಸಿಲಿನ ಹೊಳಪಿನಲ್ಲಿ ಯಾವ ಹರಳಿನ ಒಳಗೂ ಕಣ್ಣು ನಿಲ್ಲುವುದಿಲ್ಲ. ಅಂಗಡಿಯ ಮುಂದಿನ ಛಾವಣಿಯ ನೆರಳಿನಲ್ಲಿ, ತೆರೆದ ಆಕಾಶದ ಬೆಳಕು ಬೀಳುವಲ್ಲಿ ನಿಂತರೆ ಸಾಕು. ಮೋಡ ಮುಸುಕಿದ ಆಷಾಢದ ದಿನದಲ್ಲೂ ಆ ಬೆಳಕಿನಲ್ಲಿ ಅತಿನೇರಳೆ ಸಾಕಷ್ಟಿರುತ್ತದೆ.

ಅಲ್ಲಿ ಮಾಡಬೇಕಾದ ಕೆಲಸ ಎರಡು. ಮೊದಲು ಮೂರೂ ಹರಳುಗಳನ್ನು ಮಡಿಸಿದ ಬಿಳಿ ಕಾಗದದ ಸಂದಿನಲ್ಲಿ ತಲೆಕೆಳಗಾಗಿ, ಅಂದರೆ ಅಗಲವಾದ ಮುಖ ಕೆಳಗಾಗುವಂತೆ ಸಾಲಾಗಿಟ್ಟು ಪಕ್ಕದಿಂದ ನೋಡಬೇಕು. ಹೀಗೆ ಇಟ್ಟಾಗ ಹೊಳಪು ಕಡಿಮೆಯಾಗಿ ಮೈಬಣ್ಣ ತಿಳಿಯುತ್ತದೆ. ಐ ಬಣ್ಣದ್ದು ಜಿ ಬಣ್ಣದ್ದಕ್ಕಿಂತ ಸ್ವಲ್ಪ ಹಳದಿಯಾಗಿರುವುದು ಇಲ್ಲಿ ಕಾಣಬಹುದು. ಆಮೇಲೆ ಹರಳುಗಳನ್ನು ಮೇಲ್ಮುಖವಾಗಿಸಿ, ಮೊದಲನೆಯದರ ಪಕ್ಕಕ್ಕೆ ಎರಡನೆಯದನ್ನಿಟ್ಟು ಮೇಜಿನಂತಹ ಮೇಲ್ಮುಖದ ಮೂಲಕ ಒಳಗೆ ನೋಡಬೇಕು. ಕೆಳಗಿನ ಮುಖಗಳು ಸೇರುವ ಗೆರೆಗಳು ಎರಡರಲ್ಲೂ ಒಂದೇ ತೀಕ್ಷ್ಣತೆಯಿಂದ ಕಾಣಬೇಕು. ಕಪ್ಪಾದ ಭಾಗಗಳು ಕಪ್ಪಾಗಿಯೇ ಇರಬೇಕು. ಎರಡನೆಯ ಹರಳಿನಲ್ಲಿ ಆ ಗೆರೆಗಳು ಉಸಿರು ತಾಗಿದ ಕನ್ನಡಿಯ ಹಿಂದೆ ಇರುವಂತೆ ಮಸುಕಾಗಿದ್ದರೆ ಅದನ್ನು ಬಿಡುವುದೇ ಲೇಸು. ಅದೇ ಹರಳನ್ನು ಮತ್ತೆ ಒಳಗಿನ ಎಲ್‌ಇಡಿ ಬೆಳಕಿಗೆ ಒಯ್ದು ನೋಡಿದರೆ ಕಾರಣವೂ ತಿಳಿಯುತ್ತದೆ: ಮಬ್ಬು ಅಲ್ಲಿಯೂ ಹಾಗೇ ಉಳಿದರೆ ತಪ್ಪು ಕ್ಲೌಡಿನದು, ಹೊರಗೆ ಮಾತ್ರ ಹೆಚ್ಚಾಗುತ್ತಿದ್ದರೆ ಅದರಲ್ಲಿ ಫ್ಲೋರೆಸೆನ್ಸಿನ ಪಾಲೂ ಇದೆ. ನೋಡುವ ಮುನ್ನ ಹರಳನ್ನು ಒರೆಸಿ ಕೊಡಲು ಹೇಳಬೇಕು. ಬೆರಳಿನ ಜಿಡ್ಡು ಕೂಡ ಎಣ್ಣೆಯ ಮಬ್ಬನ್ನೇ ಉಂಟುಮಾಡುತ್ತದೆ.

ಈ ಪರೀಕ್ಷೆಯಲ್ಲಿ ಎರಡನೆಯ ಹರಳು ತಿಳಿಯಾಗಿ ಕಂಡಿತೆಂದರೆ, ಅದನ್ನು ಆರಿಸಲು ನನಗೆ ಯಾವ ಅಳುಕೂ ಇಲ್ಲ. ಮೊದಲನೆಯದಕ್ಕಿಂತ 16,000 ರೂಪಾಯಿ, ಅಂದರೆ ಸುಮಾರು ಶೇಕಡಾ 13ರಷ್ಟು ಕಡಿಮೆಗೆ, ಬೆರಳಿನ ಮೇಲೆ ಅದರಂತೆಯೇ ಕಾಣುವ ಹರಳು ಸಿಕ್ಕಿದಂತಾಯಿತು. ಆದರೆ ಒಂದು ತಕರಾರನ್ನು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಲ್ಯಾಬುಗಳು ಬಣ್ಣ ನೋಡುವ ದೀಪದಲ್ಲಿ ಸ್ವಲ್ಪ ಅತಿನೇರಳೆ ಇರುವುದರಿಂದ, ಬಲವಾಗಿ ನೀಲಿ ಬೆಳಗುವ ಹರಳಿಗೆ ಅದರ ನಿಜವಾದ ಮೈಬಣ್ಣಕ್ಕಿಂತ ಮೇಲಿನ ದರ್ಜೆ ಸಿಗಬಹುದು ಎಂಬ ವಾದ ರತ್ನಶಾಸ್ತ್ರಜ್ಞರಲ್ಲಿ ಬಹಳ ದಿನಗಳಿಂದ ಇದೆ. ಅದು ನಿಜವಾಗಿರುವ ಹರಳಿನಲ್ಲಿ, ಸಂಜೆಯ ಮನೆಬೆಳಕಿನಲ್ಲಿ ಜಿ ಎಂದು ಬರೆದದ್ದು ಒಂದು ದರ್ಜೆ ಕೆಳಗಿನಂತೆ ತೋರಬಹುದು. ಅಂಗಡಿಯೊಳಗಿನ ಎಲ್‌ಇಡಿ ಬೆಳಕು ಈ ಸಂದೇಹಕ್ಕೆ ಉಪಯೋಗಕ್ಕೆ ಬರುತ್ತದೆ: ಅಲ್ಲಿ ತಲೆಕೆಳಗಾಗಿಟ್ಟು ನೋಡಿದಾಗ ಎರಡನೆಯ ಹರಳು ಮೊದಲನೆಯದಕ್ಕಿಂತ ಹಳದಿಯಾಗಿ ಕಂಡರೆ, ಬೆಲೆ ಕಡಿಮೆಯಾಗಿರುವುದು ಉದಾರತೆಯಿಂದಲ್ಲ ಎಂದು ತಿಳಿಯಬೇಕು. ಹಾಗೆ ಕಾಣದಿದ್ದರೆ ನೆಮ್ಮದಿಯಿಂದ ಕೊಳ್ಳಬಹುದು.

ಮೂರನೆಯ ಹರಳಿನ ಕಥೆ ಬೇರೆ. ಐ, ಜೆ ಮತ್ತು ಅದಕ್ಕಿಂತ ಕೆಳಗಿನ ಬಣ್ಣಗಳಲ್ಲಿ ಮರೆಸಲು ಹಳದಿ ಇರುವುದರಿಂದ, ನೀಲಿ ಬೆಳಗು ಅಲ್ಲಿ ಲಾಭವೆಂದೇ ಎಣಿಸುವವರಿದ್ದಾರೆ. ಆದ್ದರಿಂದ ಈ ಬಣ್ಣಗಳಲ್ಲಿ ಫ್ಲೋರೆಸೆನ್ಸಿಗಾಗಿ ಬೆಲೆ ಇಳಿಯುವುದು ಕಡಿಮೆ. ಕೆಲವೊಮ್ಮೆ ಇಳಿಯುವುದೇ ಇಲ್ಲ, ಕೆಲವೊಮ್ಮೆ ಒಂದಿಷ್ಟು ಏರುವುದೂ ಉಂಟು. ಡಿ, ಇ, ಎಫ್ ಬಣ್ಣಗಳಲ್ಲಿ ಪರಿಸ್ಥಿತಿ ತಿರುವುಮುರುವು: ಅಲ್ಲಿ ಮರೆಸಲು ಏನೂ ಇಲ್ಲ, ಕೊಳ್ಳುವವರು ಶುದ್ಧತೆಗೇ ಹಣ ಕೊಡುತ್ತಾರೆ, ಹಾಗಾಗಿ ಸ್ಟ್ರಾಂಗ್ ಎಂಬ ಒಂದು ಪದಕ್ಕೆ ಬೆಲೆ ಅತಿ ಹೆಚ್ಚು ಇಳಿಯುವುದು ಅಲ್ಲಿಯೇ. ಒಂದು ಕಾಲದಲ್ಲಿ ನೀಲಿ-ಬಿಳಿ ವಜ್ರವೆಂದು ಹೊಗಳಿ ಹೆಚ್ಚಿನ ಬೆಲೆಗೆ ಮಾರುತ್ತಿದ್ದದ್ದೂ ಇಂತಹ ಹರಳುಗಳನ್ನೇ. ಹೊಗಳಿಕೆ ಅತಿಯಾಗಿ, ಹಳದಿ ಹರಳುಗಳಿಗೂ ಆ ಹೆಸರು ಅಂಟಿದ ಮೇಲೆ ಅದರ ಬೆಲೆ ಕುಸಿಯಿತು. ಪೇಟೆಯ ರುಚಿ ಹೀಗೆ ತಿರುಗಬಲ್ಲದು ಎಂಬುದಕ್ಕೆ ಇಷ್ಟು ಸಾಕು.

ನಮ್ಮ ಭಾಗದಲ್ಲಿ ಉಂಗುರವನ್ನು ಹಳದಿ ಬಂಗಾರದಲ್ಲೇ ಮಾಡಿಸುವವರು ಹೆಚ್ಚು. ಹಳದಿ ಬಂಗಾರದ ಕಚ್ಚಿನಲ್ಲಿ ಕೂತ ಹರಳಿನೊಳಗೆ ಬಂಗಾರದ ಬಣ್ಣವೇ ಪ್ರತಿಫಲಿಸುವುದರಿಂದ ಜಿ ಮತ್ತು ಐ ಬಣ್ಣಗಳ ವ್ಯತ್ಯಾಸವನ್ನು ಹಿಡಿಯುವುದು ಕಷ್ಟ. ಅಂತಹವರಿಗೆ ಮೂರನೆಯ ಹರಳು 28,000 ರೂಪಾಯಿ ಉಳಿಸಿಕೊಡುತ್ತದೆ, ಮೇಲಾಗಿ ಹಗಲಿನಲ್ಲಿ ತನ್ನ ದರ್ಜೆಗಿಂತ ಸ್ವಲ್ಪ ಬೆಳ್ಳಗೆ ಕಾಣುತ್ತದೆ. ಪ್ಲಾಟಿನಂ ಅಥವಾ ಬಿಳಿ ಬಂಗಾರದಲ್ಲಿ ಕೂರಿಸುವುದಾದರೆ ಮಾತ್ರ ಎರಡನೆಯದಕ್ಕೆ ಹೋಗಬೇಕು. ಮೊದಲನೆಯದನ್ನು ಆರಿಸಲು ನನಗೆ ಕಾಣುವ ಕಾರಣ ಒಂದೇ: ಮುಂದೆ ಅದನ್ನು ಮಾರುವ ಅಥವಾ ಬದಲಿಸುವ ಯೋಚನೆಯಿದ್ದು, ಕೊಳ್ಳುವವರು ಸರ್ಟಿಫಿಕೇಟಿನ ಈ ಸಾಲಿನ ಬಗ್ಗೆ ಚೌಕಾಸಿ ಮಾಡುವ ಸಂದರ್ಭ ಬೇಡವೆನ್ನಿಸಿದರೆ.

ಫೇಂಟ್ ಎಂದಿರುವ ಹರಳುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಣ್ಣಿಗೆ ಅವು ನನ್ ಎಂದಿರುವವುಗಳಂತೆಯೇ ಇರುತ್ತವೆ. ಬೆಲೆ ಒಂದಿಷ್ಟು ಕಡಿಮೆ ಸಿಕ್ಕರೆ ತೆಗೆದುಕೊಳ್ಳಬಹುದು. ನೀಲಿಯ ಬದಲು ಹಳದಿ ಎಂದು ಬರೆದಿದ್ದರೆ ಎಚ್ಚರ ಬೇಕು, ಏಕೆಂದರೆ ಅದು ಹರಳಿನ ಹಳದಿಯನ್ನು ಮರೆಸುವ ಬದಲು ಹೆಚ್ಚಿಸುತ್ತದೆ. ಆದರೆ ಅಂತಹವು ವಿರಳ.

ನೋಟು ನೋಡುವ ಟಾರ್ಚಿನಿಂದ ತಿಳಿಯುವುದು, ತಿಳಿಯದಿರುವುದು

ಖೋಟಾ ನೋಟನ್ನು ಪತ್ತೆಹಚ್ಚುವ ನೇರಳೆ ಟಾರ್ಚು ಈಗ ಕಿರಾಣಿ ಅಂಗಡಿಯಲ್ಲೂ ಇರುವುದರಿಂದ, ವಜ್ರದ ಮೇಲೆ ಅದನ್ನು ಬೆಳಗಿಸಿ ನೋಡುವವರು ಹೆಚ್ಚಾಗಿದ್ದಾರೆ. ನೀಲಿಯಾಗಿ ಬೆಳಗಿದರೆ ಅಸಲಿ ಎಂದು ಕೆಲವರು, ಬೆಳಗಿದರೆ ನಕಲಿ ಎಂದು ಕೆಲವರು ತೀರ್ಮಾನಿಸುತ್ತಾರೆ, ಎರಡೂ ತಪ್ಪು. ಮೂರರಲ್ಲಿ ಎರಡು ಅಸಲಿ ವಜ್ರಗಳು ಬೆಳಗುವುದೇ ಇಲ್ಲ, ಮತ್ತು ವಜ್ರವಲ್ಲದ ಹಲವು ಹರಳುಗಳು ಬೆಳಗುತ್ತವೆ. ಅಗ್ಗದ ಟಾರ್ಚುಗಳು ಸಾಮಾನ್ಯವಾಗಿ 395 ನ್ಯಾನೋಮೀಟರಿನವು. ಅವುಗಳ ಬೆಳಕಿನಲ್ಲಿ ಕಣ್ಣಿಗೆ ಕಾಣುವ ನೇರಳೆಯೂ ಬಹಳ ಇರುವುದರಿಂದ, ಹರಳಿನ ಮುಖಗಳಲ್ಲಿ ಪ್ರತಿಫಲಿಸುವ ಆ ನೇರಳೆಯನ್ನೇ ಜನ ಫ್ಲೋರೆಸೆನ್ಸ್ ಎಂದು ಭ್ರಮಿಸುತ್ತಾರೆ. ಲ್ಯಾಬಿನಲ್ಲಿ ಬಳಸುವ ದೀರ್ಘ ತರಂಗ ಸುಮಾರು 365 ನ್ಯಾನೋಮೀಟರ್. ಅಂತಹ ಟಾರ್ಚನ್ನು ಕತ್ತಲೆಯ ಕೋಣೆಯಲ್ಲಿ ಹಿಡಿದರೆ, ಹರಳಿನ ಒಳಗಿಂದ ಮೈತುಂಬ ಸಮನಾಗಿ ಹೊಮ್ಮುವ ನೀಲಿ ಬೇರೆಯೇ ಆಗಿ ಕಾಣುತ್ತದೆ. ಬೆಳಕನ್ನು ನೇರವಾಗಿ ಕಣ್ಣಿಗೆ ಬಿಟ್ಟುಕೊಳ್ಳಬಾರದು.

ಆ ಟಾರ್ಚಿನ ನಿಜವಾದ ಉಪಯೋಗ ಎರಡು ಕಡೆ. ಮನೆಗೆ ತಂದ ಹರಳು ಸರ್ಟಿಫಿಕೇಟಿನಲ್ಲಿರುವುದೇ ಹೌದೆ ಎಂಬ ಅನುಮಾನ ಬಂದಾಗ, ಸ್ಟ್ರಾಂಗ್ ಬ್ಲೂ ಎಂದು ಬರೆದದ್ದು ಕತ್ತಲಲ್ಲಿ ಬೆಳಗದಿದ್ದರೆ ಎಲ್ಲೋ ಅದಲುಬದಲಾಗಿದೆ ಎಂದರ್ಥ. ಹರಳಿನ ಅಂಚಿನಲ್ಲಿ ಲೇಸರಿನಿಂದ ಕೊರೆದ ಸಂಖ್ಯೆಯಿದ್ದರೆ ಅದನ್ನು ಲೂಪಿನಲ್ಲಿ ಓದಿಸುವುದು ಇನ್ನೂ ಖಚಿತವಾದ ದಾರಿ. ಎರಡನೆಯದು, ಜೋಡಿಯ ವಿಷಯ. ಓಲೆಗಳ ಎರಡು ಹರಳುಗಳಲ್ಲಿ ಒಂದು ಸ್ಟ್ರಾಂಗ್ ಬ್ಲೂ, ಇನ್ನೊಂದು ನನ್ ಆಗಿದ್ದರೆ, ಸಂಜೆಯ ದೀಪದಲ್ಲಿ ಒಂದೇ ಬಣ್ಣ ಕಂಡ ಅವು ಹಗಲಿನಲ್ಲಿ ಬೇರೆಯಾಗಿ ಕಾಣಬಹುದು. ಏಳು ಹರಳಿನ ಮೂಗುತಿಯಲ್ಲೂ ಹೀಗೆಯೇ. ಅಷ್ಟು ಸಣ್ಣ ಹರಳುಗಳಿಗೆ ಪ್ರತ್ಯೇಕ ಸರ್ಟಿಫಿಕೇಟು ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಟಾರ್ಚೇ ಸಾಕ್ಷಿ. ಏಳರಲ್ಲಿ ಎರಡೋ ಮೂರೋ ಬೆಳಗುವುದು ಸಹಜ, ಅದಕ್ಕೆ ಗಾಬರಿಯಾಗಬೇಕಿಲ್ಲ. ಜೋಡಿ ಓಲೆಯಲ್ಲಿ ಮಾತ್ರ ಎರಡೂ ಒಂದೇ ಹಂತದವಾಗಿರಲಿ ಎಂದು ಪಟ್ಟು ಹಿಡಿಯಬೇಕು.

ಬಿಲ್ಲಿನಲ್ಲಿ ಬರೆಸಬೇಕಾದದ್ದು

ಬೆಲೆ ಇಳಿಯುವುದು ಬಿಡಿ ಹರಳಿನ ಪೇಟೆಯಲ್ಲಿ. ಅಲ್ಲಿ ಮಾರುವವರು ಡಾಲರ್ ಲೆಕ್ಕದ ರಾಪಾಪೋರ್ಟ್ ಪಟ್ಟಿಯನ್ನು ಆಧಾರವಾಗಿಟ್ಟು, ಫ್ಲೋರೆಸೆನ್ಸಿಗಾಗಿ ಇಷ್ಟು ಶೇಕಡಾ ಎಂದು ಕಡಿತ ಮಾಡಿ ದರ ಹೇಳುತ್ತಾರೆ. ಆ ಕಡಿತ ನಮ್ಮೂರಿನ ಗಿರಾಕಿಯವರೆಗೆ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಬಂಗಾರ, ಹರಳು, ಮಜೂರಿ ಎಲ್ಲವನ್ನೂ ಒಟ್ಟು ಸೇರಿಸಿ ಉಂಗುರಕ್ಕೆ ಇಷ್ಟು ಎಂದು ಹೇಳಿದಾಗ ಅದು ಸುಲಭವಾಗಿ ಕಣ್ಮರೆಯಾಗುತ್ತದೆ. ಆದ್ದರಿಂದ ಹರಳಿನ ಬೆಲೆ, ಬಂಗಾರದ ಬೆಲೆ ಮತ್ತು ಮಜೂರಿಯನ್ನು ಬೇರೆ ಬೇರೆಯಾಗಿ ಬರೆಸಿಕೊಂಡು, ಅದೇ ತೂಕ ಮತ್ತು ಅದೇ ದರ್ಜೆಯ, ಫ್ಲೋರೆಸೆನ್ಸ್ ಇಲ್ಲದ ಹರಳಿನ ದರವನ್ನೂ ಕೇಳಬೇಕು. ಜಿ ಬಣ್ಣದ ಸ್ಟ್ರಾಂಗ್ ಬ್ಲೂ ಹರಳಿಗೂ ಅದಕ್ಕೂ ಅಂತರವೇ ಇಲ್ಲವೆಂದರೆ, ಕಡಿತವನ್ನು ಅಂಗಡಿಯವರು ತಮ್ಮಲ್ಲೇ ಉಳಿಸಿಕೊಂಡಿದ್ದಾರೆ. ಬಂಗಾರದ ಮೇಲಿನ ಹಾಲ್‌ಮಾರ್ಕ್ ಬಂಗಾರದ ಶುದ್ಧತೆಗೆ ಮಾತ್ರ. ಹರಳಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಬದಲಿಸುವ ಷರತ್ತನ್ನೂ ಆಗಲೇ ಇತ್ಯರ್ಥ ಮಾಡಿಕೊಳ್ಳಬೇಕು. ಪೂರ್ತಿ ಬೆಲೆಗೆ ಕೊಂಡ ಫ್ಲೋರೆಸೆಂಟ್ ಹರಳನ್ನು ನಾಲ್ಕು ವರ್ಷಗಳ ನಂತರ ತಂದಾಗ, ಅದರಲ್ಲಿ ಫ್ಲೋ ಇದೆ ಎಂಬ ಕಾರಣಕ್ಕೆ ಮೊದಲ ಬಾರಿಗೆ ಬೆಲೆ ಕಡಿಯುವ ಅಂಗಡಿಗಳಿವೆ. ಬಿಲ್ಲಿನಲ್ಲಿ ಸರ್ಟಿಫಿಕೇಟಿನ ಸಂಖ್ಯೆ, ಫ್ಲೋರೆಸೆನ್ಸಿನ ಹಂತ ಮತ್ತು ಅದಕ್ಕಾಗಿ ಕಡಿಮೆ ಮಾಡಿದ ಮೊತ್ತ ಮೂರೂ ದಾಖಲಾಗಿದ್ದರೆ, ಅದೇ ಕಾರಣವನ್ನು ಎರಡನೆಯ ಸಲ ಮುಂದಿಡಲು ಅವರಿಗೆ ಎಡೆಯಿರುವುದಿಲ್ಲ.